ಶುಲ್ಕ ಹೆಚ್ಚಾಯಿತು ಎನ್ನಬೇಡಿ, ತಪ್ಪಾಯಿತು ಎಂದು ತೋರಿಸಿ

ಬಿತ್ತನೆಯ ಹಂಗಾಮು ಶುರುವಾದರೆ ಬೀಜ, ಗೊಬ್ಬರದ ಅಂಗಡಿಗಳ ಗಲ್ಲಾಪೆಟ್ಟಿಗೆಗೆ ಒಮ್ಮೆಲೇ ನಗದು ಬರುತ್ತದೆ. ರಾಣೇಬೆನ್ನೂರಿನಲ್ಲಿ ಅಂಥದೊಂದು ಅಂಗಡಿ ಇದೆ ಎಂದುಕೊಳ್ಳೋಣ. ಅಂಗಡಿ, ಬ್ಯಾಂಕು, ಅಂಕಿಗಳು ಎಲ್ಲವೂ ಕಲ್ಪಿತವೇ, ಆದರೆ ಇಲ್ಲಿ ಆಗುವ ತಪ್ಪುಗಳು ವ್ಯಾಪಾರಸ್ಥರಿಗೆಲ್ಲ ಗೊತ್ತಿರುವಂಥವು. 2025ರ ಜೂನ್ ತಿಂಗಳಲ್ಲಿ ಮಾಲೀಕರು ತಮ್ಮ ಕರೆಂಟ್ ಅಕೌಂಟಿಗೆ ಒಟ್ಟು 11,40,000 ರೂಪಾಯಿ ನಗದು ಕಟ್ಟಿದರು. ಆಗಸ್ಟ್ ಮೊದಲ ವಾರ ಲೆಕ್ಕ ಬರೆಯುವವರು ಸ್ಟೇಟ್‌ಮೆಂಟ್ ತೆಗೆದು ನೋಡಿದರೆ, ಖಾತೆಯಿಂದ ಬ್ಯಾಂಕು ತಾನೇ ಕಡಿದುಕೊಂಡ ನಾಲ್ಕು ಮೊತ್ತಗಳು ಕಂಡವು. ಜುಲೈ 5ರಂದು ನಗದು ಜಮೆ ಶುಲ್ಕವೆಂದು 2,230 ರೂಪಾಯಿ 20 ಪೈಸೆ. ಜುಲೈ 11ರಂದು ನ್ಯಾಚ್ ರಿಟರ್ನ್ ಶುಲ್ಕವೆಂದು 590 ರೂಪಾಯಿ, ಅದೇ ದಿನ ಅದೇ ಹೆಸರಿನಲ್ಲಿ ಮತ್ತೊಂದು 590. ಆಗಸ್ಟ್ 2ರಂದು ಕನಿಷ್ಠ ಬ್ಯಾಲೆನ್ಸ್ ಇಲ್ಲದ್ದಕ್ಕೆ 1,180. ಒಟ್ಟು 4,590 ರೂಪಾಯಿ 20 ಪೈಸೆ.

ಸಾಮಾನ್ಯವಾಗಿ ಇಲ್ಲಿಂದ ಮುಂದೆ ಆಗುವುದು ಹೀಗೆ: ಮಾಲೀಕರು ಶಾಖೆಗೆ ಹೋಗಿ, ‘ಏನ್ರೀ ಇದು, ಹೇಳದೆ ಕೇಳದೆ ನಾಲ್ಕೂವರೆ ಸಾವಿರ ತಗೊಂಡೀರಿ’ ಎನ್ನುತ್ತಾರೆ. ಎದುರಿನವರು ಕಂಪ್ಯೂಟರ್ ನೋಡಿ, ‘ಸಿಸ್ಟಮ್ಮೇ ಹಾಕಿದ್ದು ಸರ್, ನಮ್ಮ ಕೈಯಲ್ಲಿಲ್ಲ’ ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಹಣ ಬರುವುದಿಲ್ಲ, ಕಾಗದದ ಮೇಲೆ ಏನೂ ಉಳಿಯುವುದಿಲ್ಲ. ಬರೆದು ಕೊಟ್ಟ ದೂರಿಗೆ ಮಾತ್ರ ಮುಂದಿನ ಮೆಟ್ಟಿಲುಗಳಿವೆ. ಆದರೆ ಬರೆಯುವ ಮುಂಚೆ ಮಾಡಬೇಕಾದ ಕೆಲಸ ಬರೆಯುವ ಕೆಲಸಕ್ಕಿಂತ ದೊಡ್ಡದು. ಈ ನಾಲ್ಕರಲ್ಲಿ ಯಾವುದು ನಿಜವಾಗಿ ತಪ್ಪು, ಯಾವುದು ನಮಗೆ ಒಪ್ಪಿಗೆಯಿಲ್ಲದಿದ್ದರೂ ಸರಿ ಎಂಬುದನ್ನು ಮೊದಲು ನಾವೇ ತೀರ್ಮಾನಿಸಬೇಕು.

ಅದನ್ನು ತೀರ್ಮಾನಿಸುವುದು ಬ್ಯಾಂಕಿನದೇ ಶುಲ್ಕ ಪಟ್ಟಿ. ಪ್ರತಿ ಬ್ಯಾಂಕೂ ತನ್ನ ಸೇವಾ ಶುಲ್ಕಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಿರುತ್ತದೆ. ಕರೆಂಟ್ ಅಕೌಂಟುಗಳಲ್ಲಿ ಹಲವು ಬಗೆಗಳಿರುವುದರಿಂದ ಪಟ್ಟಿಯೂ ಬಗೆಗೊಂದರಂತೆ ಬೇರೆಯಾಗಿರುತ್ತದೆ. ಹೆಚ್ಚು ಬ್ಯಾಲೆನ್ಸ್ ಇಡಬೇಕಾದ ಖಾತೆಗೆ ಉಚಿತ ನಗದು ಜಮೆಯ ಮಿತಿ ಹೆಚ್ಚು, ಕಡಿಮೆ ಇಡುವ ಖಾತೆಗೆ ಕಡಿಮೆ. ಪಟ್ಟಿ ಆಗಾಗ ಬದಲಾಗುತ್ತದೆ, ಹೊಸದು ಬಂದಾಗ ಜಾಲತಾಣದಿಂದ ಹಳೆಯದು ಹೋಗಿಬಿಡುತ್ತದೆ. ಆದ್ದರಿಂದ ಖಾತೆ ತೆರೆದ ದಿನದ ಪಟ್ಟಿಯನ್ನೂ ಪ್ರತಿ ಬದಲಾವಣೆಯ ಪಟ್ಟಿಯನ್ನೂ ಇಳಿಸಿಟ್ಟುಕೊಂಡವರ ಕೈ ಮೇಲಾಗಿರುತ್ತದೆ. ಇಡದಿದ್ದರೂ ದಾರಿ ಮುಚ್ಚಿಲ್ಲ. ಶುಲ್ಕ ಕಡಿದ ದಿನ ಜಾರಿಯಲ್ಲಿದ್ದ ಪಟ್ಟಿಯ ಪ್ರತಿ ಕೊಡಿ ಎಂದು ದೂರಿನಲ್ಲೇ ಕೇಳಬಹುದು.

ನಮ್ಮ ಅಂಗಡಿಯ ಖಾತೆಯನ್ನು ನೋಡೋಣ. ಖಾತೆ ತೆರೆದಾಗ ಬ್ಯಾಂಕು ಕೊಟ್ಟ ಪತ್ರದ ಪ್ರಕಾರ ತಿಂಗಳಿಗೆ ಸರಾಸರಿ 50,000 ರೂಪಾಯಿ ಬ್ಯಾಲೆನ್ಸ್ ಇಡಬೇಕು, 12 ಲಕ್ಷದವರೆಗೆ ನಗದು ಜಮೆ ಉಚಿತ, ಅದಕ್ಕಿಂತ ಹೆಚ್ಚಿನದಕ್ಕೆ ಸಾವಿರಕ್ಕೆ ಮೂರೂವರೆ ರೂಪಾಯಿ ಶುಲ್ಕ. ಜೂನ್ ತಿಂಗಳ ಜಮೆ 11,40,000. ಅಂದರೆ ಶುಲ್ಕವೇ ಇರಬಾರದಿತ್ತು. ಹಾಗಿದ್ದರೆ 2,230 ರೂಪಾಯಿ 20 ಪೈಸೆ ಎಲ್ಲಿಂದ ಬಂತು?

ಇದನ್ನು ಹಿಂದಿನಿಂದ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಬ್ಯಾಂಕಿನ ಸೇವಾ ಶುಲ್ಕಕ್ಕೆ ಶೇಕಡಾ 18ರಷ್ಟು ಜಿಎಸ್‌ಟಿ ಸೇರುತ್ತದೆ. ಕಡಿತವಾದ ಮೊತ್ತವನ್ನು 1.18ರಿಂದ ಭಾಗಿಸಿದರೆ 1,890 ಬರುತ್ತದೆ, ಅದು ಮೂಲ ಶುಲ್ಕ. 1,890ನ್ನು ಮೂರೂವರೆಯಿಂದ ಭಾಗಿಸಿದರೆ 540. ಅಂದರೆ 5,40,000 ರೂಪಾಯಿಗೆ ಶುಲ್ಕ ಹಾಕಿದ್ದಾರೆ. ಒಟ್ಟು ಜಮೆಯಿಂದ ಅದನ್ನು ಕಳೆದರೆ ಉಳಿಯುವುದು ಸರಿಯಾಗಿ 6 ಲಕ್ಷ. ಬ್ಯಾಂಕಿನ ಕಂಪ್ಯೂಟರ್ ಈ ಖಾತೆಗೆ 12 ಲಕ್ಷದ ಬದಲು 6 ಲಕ್ಷದ ಉಚಿತ ಮಿತಿ ಹಾಕಿದೆ. ಶುಲ್ಕ ಪಟ್ಟಿಯಲ್ಲಿ 6 ಲಕ್ಷದ ಮಿತಿ ಇರುವುದು ಇನ್ನೊಂದು ಬಗೆಯ ಖಾತೆಗೆ. ಖಾತೆಯನ್ನು ಎಲ್ಲೋ ತಪ್ಪು ಬಗೆಗೆ ಸೇರಿಸಲಾಗಿದೆ ಎನ್ನಲು ಇದಕ್ಕಿಂತ ಗಟ್ಟಿಯಾದ ಸುಳಿವು ಬೇಕಿಲ್ಲ. ಈ ಹಿಮ್ಮುಖ ಲೆಕ್ಕಕ್ಕೆ ಐದು ನಿಮಿಷ ಸಾಕು. ‘ಶುಲ್ಕ ತಪ್ಪಾಗಿದೆ’ ಎಂದಷ್ಟೇ ಬರೆದರೆ ಬ್ಯಾಂಕಿನವರು ತಪ್ಪು ಹುಡುಕಬೇಕು. ‘12 ಲಕ್ಷದ ಬದಲು 6 ಲಕ್ಷದ ಮಿತಿ ಹಾಕಿದ್ದೀರಿ’ ಎಂದು ಬರೆದರೆ ಅವರು ಒಂದು ಪರದೆ ತೆರೆದು ನೋಡಿದರಾಯಿತು.

ಎರಡನೆಯದು ನ್ಯಾಚ್. ಸಾಲದ ಕಂತು ಪ್ರತಿ ತಿಂಗಳು ಖಾತೆಯಿಂದ ತಾನಾಗಿಯೇ ಹೋಗುವ ವ್ಯವಸ್ಥೆ ಇದು. ಅಂಗಡಿಯ ಗೂಡ್ಸ್ ಆಟೋ ಸಾಲದ ಕಂತು ಜುಲೈ 10ರಂದು ಬಂದಾಗ ಖಾತೆಯಲ್ಲಿ ಸಾಕಷ್ಟು ಹಣ ಇರಲಿಲ್ಲ, ಕಂತು ವಾಪಸಾಯಿತು. ಅದಕ್ಕೆ 500 ರೂಪಾಯಿ ಶುಲ್ಕ, 90 ರೂಪಾಯಿ ಜಿಎಸ್‌ಟಿ ಪಟ್ಟಿಯಲ್ಲೇ ಇದೆ, ಆ ಮೊದಲ 590 ನ್ಯಾಯವಾದದ್ದೇ. ಎರಡನೆಯ 590 ತಪ್ಪೋ ಅಲ್ಲವೋ ಎನ್ನಲು ಸ್ಟೇಟ್‌ಮೆಂಟ್ ಮಾತ್ರ ಸಾಲದು. ಸಾಲ ಕೊಟ್ಟ ಸಂಸ್ಥೆ ಅದೇ ಕಂತನ್ನು ಎರಡು ಸಲ ಕಳಿಸಿ ಎರಡೂ ಸಲ ವಾಪಸಾಗಿದ್ದರೆ ಬ್ಯಾಂಕು ಎರಡು ಸಲ ಶುಲ್ಕ ಹಾಕಿದ್ದು ಪಟ್ಟಿಯ ಪ್ರಕಾರ ಸರಿಯಿರಬಹುದು, ಆಗ ನಮ್ಮ ಜಗಳ ಆ ಸಂಸ್ಥೆಯ ಜೊತೆ. ಹಾಗಾಗಿ ಮೊದಲು ಸಾಲದ ಸಂಸ್ಥೆಯಿಂದ ಆ ತಿಂಗಳ ಕಂತಿನ ವಿವರ ತರಿಸಬೇಕು. ನಾವು ಒಪ್ಪಿಗೆ ಕೊಟ್ಟ ಪ್ರತಿ ನ್ಯಾಚ್ ಆದೇಶಕ್ಕೂ ಯುಎಂಆರ್‌ಎನ್ ಎಂಬ ಸಂಖ್ಯೆ ಇರುತ್ತದೆ. ಅದನ್ನು ಹೇಳಿ, ಯಾವ ಯಾವ ದಿನ ಕಂತನ್ನು ಬ್ಯಾಂಕಿಗೆ ಕಳಿಸಿದ್ದೀರಿ ಎಂದು ಇಮೇಲ್‌ನಲ್ಲಿ ಕೇಳಿದರೆ ಉತ್ತರ ಲಿಖಿತವಾಗಿ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಸಂಸ್ಥೆ ಕಳಿಸಿದ್ದು ಒಂದೇ ಸಲ, ಜುಲೈ 10ರಂದು. ಒಂದೇ ವಾಪಸಾತಿಗೆ ಎರಡು ಶುಲ್ಕ ಎಂಬುದು ಈಗ ರುಜುವಾಯಿತು.

ಮೂರನೆಯದರ ಬಗ್ಗೆ ಮಾಲೀಕರಿಗೆ ಬಹಳ ಸಿಟ್ಟಿದೆ. ಜುಲೈ 31ರಂದು ಖಾತೆಯಲ್ಲಿ ಒಂದು ಲಕ್ಷ ರೂಪಾಯಿ ಇತ್ತು, 50,000 ಇಟ್ಟಿಲ್ಲ ಎಂದು ದಂಡ ಹಾಕುವುದು ಯಾವ ನ್ಯಾಯ ಎಂಬುದು ಅವರ ವಾದ. ಆದರೆ ಬ್ಯಾಂಕು ನೋಡುವುದು ತಿಂಗಳ ಕೊನೆಯ ದಿನವನ್ನಲ್ಲ, ಪ್ರತಿ ದಿನದ ಕೊನೆಗೆ ಉಳಿದ ಮೊತ್ತಗಳ ಸರಾಸರಿಯನ್ನು. ಜುಲೈನಲ್ಲಿ ಹತ್ತು ದಿನ 20,000, ಹದಿನೈದು ದಿನ 35,000, ಕೊನೆಯ ಆರು ದಿನ 1,00,000 ಇತ್ತು. ಕೂಡಿಸಿದರೆ 13,25,000. ಅದನ್ನು 31ರಿಂದ ಭಾಗಿಸಿದರೆ 42,742 ರೂಪಾಯಿ. ಕೊರತೆ ನಿಜ, ಶುಲ್ಕವೂ ಸರಿ.

ಇದನ್ನು ದೂರಿನಲ್ಲಿ ಸೇರಿಸಬಾರದು. ‘ಹಾಕಿ ನೋಡೋಣ, ಬಂದರೆ ಬರಲಿ’ ಎಂದು ನಾಲ್ಕನ್ನೂ ಸೇರಿಸಿದರೆ ಬ್ಯಾಂಕು ಸುಲಭವಾಗಿ ತಳ್ಳಿಹಾಕಬಹುದಾದ ಒಂದಕ್ಕೆ ವಿವರವಾಗಿ ಉತ್ತರ ಬರೆದು, ಉಳಿದವನ್ನೂ ಅದರ ಜೊತೆಗೆ ಮುಗಿಸಿಬಿಡುತ್ತದೆ. ಇದೇ ಕಾರಣಕ್ಕೆ, ನಮಗೆ ಅನ್ವಯಿಸದ ನಿಯಮಗಳನ್ನೂ ದೂರಿನಲ್ಲಿ ಹೆಸರಿಸಬಾರದು. ಕನಿಷ್ಠ ಬ್ಯಾಲೆನ್ಸ್ ತಪ್ಪಿದರೆ ಮೊದಲು ಗ್ರಾಹಕರಿಗೆ ತಿಳಿಸಿ ಒಂದು ತಿಂಗಳು ಅವಕಾಶ ಕೊಡಬೇಕು, ಕೊರತೆಗೆ ತಕ್ಕಷ್ಟೇ ದಂಡ ಹಾಕಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2015ರ ಏಪ್ರಿಲ್‌ನಿಂದ ಇದೆ, ಆದರೆ ಅದು ಉಳಿತಾಯ ಖಾತೆಗೆ. ಆನ್‌ಲೈನ್ ನೆಫ್ಟ್‌ಗೆ ಶುಲ್ಕ ಹಾಕಬಾರದು ಎಂಬ 2020ರ ಜನವರಿಯ ನಿಯಮವೂ ಉಳಿತಾಯ ಖಾತೆಯವರಿಗೇ. ವ್ಯಾಪಾರದ ಖಾತೆಯವರು ಇವೆರಡನ್ನೂ ಹಿಡಿದು ವಾದಿಸುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಪಾಪ, ಅವರ ತಪ್ಪಲ್ಲ. ಪತ್ರಿಕೆಗಳ ತಲೆಬರಹದಲ್ಲಿ ‘ಉಳಿತಾಯ ಖಾತೆ’ ಎಂಬ ಮಾತು ಬಿಟ್ಟುಹೋಗಿರುತ್ತದೆ.

ಓವರ್‌ಡ್ರಾಫ್ಟ್ ಅಥವಾ ಸಿಸಿ ಖಾತೆ ಇರುವವರು ಮಾತ್ರ ಇನ್ನೂ ಒಂದು ವಿಷಯ ಗಮನಿಸಬೇಕು. ಸಾಲದ ಷರತ್ತು ಮುರಿದದ್ದಕ್ಕೆ ಹಾಕುವ ದಂಡವನ್ನು ಬಡ್ಡಿಯ ದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಅಂಥ ದಂಡಕ್ಕೆ ಜಿಎಸ್‌ಟಿಯೂ ಇಲ್ಲ ಎಂಬ ಸ್ಪಷ್ಟನೆ 2025ರ ಜನವರಿಯಲ್ಲಿ ಬಂತು. ಜೊತೆಗೆ, ಸಾಲದ ಖಾತೆಯಿಂದ ತಪ್ಪಾಗಿ ಹಣ ಕಡಿದರೆ ಆ ಹಣಕ್ಕೂ ಬಡ್ಡಿ ಬೆಳೆದಿರುತ್ತದೆ. ಇಂದಿನ ದಿನಾಂಕಕ್ಕೆ ವಾಪಸು ಹಾಕಿದರೆ ಆ ಬಡ್ಡಿ ನಮ್ಮ ತಲೆಯ ಮೇಲೇ ಉಳಿಯುತ್ತದೆ. ಆದ್ದರಿಂದ ಕಡಿದ ದಿನದ ವ್ಯಾಲ್ಯೂ ಡೇಟ್‌ನಿಂದಲೇ ಜಮೆ ಮಾಡಿ ಎಂದು ಕೇಳಬೇಕು.

ಈಗ ದೂರು. ಅಂಗಡಿಯ ಲೆಟರ್‌ಹೆಡ್‌ನಲ್ಲಿ, ಖಾತೆ ನಡೆಸುವ ಅಧಿಕಾರ ಇರುವವರ ಸಹಿ ಮತ್ತು ಮೊಹರಿನೊಂದಿಗೆ ಹೋಗಬೇಕು. ಪಾಲುದಾರಿಕೆಯಾಗಿದ್ದರೆ ಬ್ಯಾಂಕಿಗೆ ಕೊಟ್ಟ ಅಧಿಕಾರ ಪತ್ರದಲ್ಲಿ ಇರುವವರೇ ಸಹಿ ಮಾಡಬೇಕು. ಪತ್ರದ ಒಡಲು ಹೀಗಿರಬಹುದು:

> ವಿಷಯ: ಕರೆಂಟ್ ಅಕೌಂಟಿನಿಂದ ತಪ್ಪಾಗಿ ಕಡಿತವಾದ ರೂ. 2,820.20 ವಾಪಸು ಕೋರಿ ದೂರು
>
> ಮಾನ್ಯರೇ,
>
> ಮೇಲಿನ ಸಂಖ್ಯೆಯ ನಮ್ಮ ಖಾತೆಯಿಂದ ಈ ಎರಡು ಮೊತ್ತಗಳು ನಿಮ್ಮ ಶುಲ್ಕ ಪಟ್ಟಿಗೆ ವಿರುದ್ಧವಾಗಿ ಕಡಿತವಾಗಿವೆ.
>
> ಮೊದಲನೆಯದು, 05-07-2025ರಂದು ನಗದು ಜಮೆ ಶುಲ್ಕ ರೂ. 1,890 ಮತ್ತು ಜಿಎಸ್‌ಟಿ ರೂ. 340.20, ಒಟ್ಟು ರೂ. 2,230.20. ಜೂನ್ ತಿಂಗಳಲ್ಲಿ ನಾವು ಜಮೆ ಮಾಡಿದ ನಗದು ರೂ. 11,40,000. ಖಾತೆ ತೆರೆದಾಗ ನೀವು ಕೊಟ್ಟ ಪತ್ರದ ಪ್ರಕಾರ ತಿಂಗಳಿಗೆ ರೂ. 12,00,000ವರೆಗೆ ಶುಲ್ಕವಿಲ್ಲ. ಕಡಿತದ ಮೊತ್ತವನ್ನು ನೋಡಿದರೆ ರೂ. 6,00,000 ಮಿತಿಯಂತೆ ಲೆಕ್ಕ ಹಾಕಿದಂತಿದೆ. ಖಾತೆಯ ಬಗೆ ಬದಲಿಸಲು ನಾವು ಅರ್ಜಿ ಕೊಟ್ಟಿಲ್ಲ, ಬದಲಾಗಿದೆ ಎಂಬ ಸೂಚನೆಯೂ ನಮಗೆ ಬಂದಿಲ್ಲ.
>
> ಎರಡನೆಯದು, 11-07-2025ರಂದು ನ್ಯಾಚ್ ರಿಟರ್ನ್ ಶುಲ್ಕ ರೂ. 500 ಮತ್ತು ಜಿಎಸ್‌ಟಿ ರೂ. 90, ಒಟ್ಟು ರೂ. 590, ಎರಡು ಸಲ ಕಡಿತವಾಗಿದೆ. 10-07-2025ರಂದು ಒಂದೇ ಕಂತು ವಾಪಸಾಗಿದ್ದು, ಅದರ ಶುಲ್ಕವನ್ನು ನಾವು ಒಪ್ಪುತ್ತೇವೆ. ಕಂತನ್ನು ಒಂದೇ ಸಲ ಕಳಿಸಲಾಗಿದೆ ಎಂಬ ಸಾಲದ ಸಂಸ್ಥೆಯ ಇಮೇಲ್ ಲಗತ್ತಿಸಿದೆ. ಎರಡನೇ ರೂ. 590 ವಾಪಸಾಗಬೇಕು.
>
> ಆದ್ದರಿಂದ ಒಟ್ಟು ರೂ. 2,820.20ನ್ನು ಜಿಎಸ್‌ಟಿ ಸಹಿತ ಇದೇ ಖಾತೆಗೆ ಜಮೆ ಮಾಡಿ ಕ್ರೆಡಿಟ್ ನೋಟ್ ಕೊಡಬೇಕು. ಖಾತೆಯನ್ನು ಮೂಲದ ಬಗೆಗೆ ಸರಿಪಡಿಸಿ, ಯಾವ ದಿನಾಂಕದಿಂದ ಸರಿಪಡಿಸಿದ್ದೀರಿ ಎಂದು ಲಿಖಿತವಾಗಿ ತಿಳಿಸಬೇಕು. ಯಾವುದಾದರೂ ಮೊತ್ತವನ್ನು ವಾಪಸು ಕೊಡಲಾಗದಿದ್ದರೆ ಅದಕ್ಕೆ ಆಧಾರವಾದ ಶುಲ್ಕ ಪಟ್ಟಿಯ ಅಂಶ ಮತ್ತು ನಮಗೆ ಕಳಿಸಿದ ಸೂಚನೆಯ ಪ್ರತಿ ಕೊಡಬೇಕು.

ಪ್ರತಿ ಕಡಿತದ ಜೊತೆಗೆ ಸ್ಟೇಟ್‌ಮೆಂಟ್‌ನಲ್ಲಿರುವ ವ್ಯವಹಾರ ಸಂಖ್ಯೆಯನ್ನೂ, ವಿವರದ ಸಾಲಿನಲ್ಲಿ ಬ್ಯಾಂಕು ಹಾಕಿರುವ ಇಂಗ್ಲಿಷ್ ಅಕ್ಷರಗಳನ್ನೂ ಇದ್ದಂತೆಯೇ ನಕಲು ಮಾಡಬೇಕು. `CASH DEP CHG` ಎಂದಿದ್ದರೆ ಹಾಗೆಯೇ ಬರೆಯಬೇಕು, ಅದರ ಅರ್ಥ ಬರೆದರೆ ಅವರ ಪರದೆಯಲ್ಲಿ ಹುಡುಕಲು ಸಿಗುವುದಿಲ್ಲ. ಸ್ಟೇಟ್‌ಮೆಂಟಿನ ಆ ಎರಡು ಪುಟ, ಖಾತೆ ತೆರೆದಾಗಿನ ಪತ್ರ, ಶುಲ್ಕ ಪಟ್ಟಿ, ಸಾಲದ ಸಂಸ್ಥೆಯ ಇಮೇಲ್, ಇಷ್ಟು ಲಗತ್ತು ಸಾಕು. ಇಡೀ ವರ್ಷದ ಸ್ಟೇಟ್‌ಮೆಂಟ್ ಕೊಡುವ ಅಗತ್ಯವಿಲ್ಲ. ಎರಡನೇ ಪ್ರತಿಯ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು, ಅದೇ ಪತ್ರವನ್ನು ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಮಾಡಿ ದೂರು ಸಂಖ್ಯೆ ಪಡೆಯಬೇಕು. ಮುಂದಿನ ಗಡುವುಗಳೆಲ್ಲ ಆ ದಿನಾಂಕದಿಂದಲೇ ಎಣಿಕೆಯಾಗುತ್ತವೆ.

ಬ್ಯಾಂಕಿನ ಉತ್ತರ ಹಲವು ರೀತಿ ಬರಬಹುದು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಸಿಹಿಯಾದ ಉತ್ತರಕ್ಕೆ. ‘ನೀವು ಹಳೆಯ ಗ್ರಾಹಕರು, ನಮ್ಮ ಕಡೆಯಿಂದ ಒಂದು ಸಲಕ್ಕೆ ಅರ್ಧ ಬಿಟ್ಟುಕೊಡುತ್ತೇವೆ’ ಎಂದು ಫೋನಿನಲ್ಲಿ ಹೇಳುತ್ತಾರೆ. ವ್ಯಾಪಾರಸ್ಥರು ಖುಷಿಯಿಂದ ಒಪ್ಪುತ್ತಾರೆ. ಆದರೆ ಅದು ರಿಯಾಯಿತಿ, ತಪ್ಪಿನ ತಿದ್ದುಪಡಿಯಲ್ಲ. ಖಾತೆ ತಪ್ಪು ಬಗೆಯಲ್ಲೇ ಉಳಿಯುತ್ತದೆ, ಮುಂದಿನ ಹಂಗಾಮಿಗೆ ಅದೇ ಶುಲ್ಕ ಮತ್ತೆ ಬೀಳುತ್ತದೆ, ಆಗ ಕೇಳಿದರೆ ‘ಒಂದು ಸಲ ಬಿಟ್ಟಿದ್ದೇವಲ್ಲ’ ಎನ್ನುತ್ತಾರೆ. ಹಣ ಬಂದರೆ ಬರಲಿ, ಆದರೆ ಬಾಕಿ ಮೊತ್ತ ಮತ್ತು ಖಾತೆಯ ಬಗೆಯ ದೂರು ಹಾಗೇ ಇದೆ ಎಂದು ಇಮೇಲ್‌ನಲ್ಲಿ ಉತ್ತರಿಸಬೇಕು.

ಇನ್ನೊಂದು ಉತ್ತರ ನಿಜಕ್ಕೂ ಕಠಿಣವಾದದ್ದು: ‘ನೀವು ಸರಾಸರಿ ಬ್ಯಾಲೆನ್ಸ್ ಇಡದ ಕಾರಣ ಮೇ ತಿಂಗಳಲ್ಲಿ ಖಾತೆಯನ್ನು ಕೆಳಗಿನ ಬಗೆಗೆ ಇಳಿಸಿದ್ದೇವೆ, ಎಸ್ಸೆಮ್ಮೆಸ್ ಕಳಿಸಿದ್ದೇವೆ.’ ಹೀಗೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. ಹಾಗೆ ಇಳಿಸುವ ಹಕ್ಕನ್ನು ನಾವು ಸಹಿ ಮಾಡಿದ ಷರತ್ತುಗಳಲ್ಲಿ ಕೊಟ್ಟಿದ್ದೇವೆಯೇ, ಸೂಚನೆ ಯಾವ ನಂಬರಿಗೆ ಯಾವ ದಿನ ಹೋಯಿತು, ಅದರಲ್ಲಿ ಉಚಿತ ಮಿತಿ ಇಳಿಯುತ್ತದೆ ಎಂದು ಇತ್ತೇ, ಈ ಮೂರನ್ನು ಕೇಳಬೇಕು. ಅಂಗಡಿಯ ಹಳೆಯ ನೌಕರರ ಮೊಬೈಲ್ ನಂಬರ್ ಖಾತೆಗೆ ಅಂಟಿಕೊಂಡೇ ಇದ್ದು, ಸೂಚನೆಗಳೆಲ್ಲ ಅವರಿಗೆ ಹೋಗುತ್ತಿರುವುದು ಅಪರೂಪವೇನಲ್ಲ. ಹಾಗಾಗಿದ್ದರೆ ವಾದ ಬಹಳ ಸಡಿಲವಾಗುತ್ತದೆ, ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಆದರೂ ಬಗೆ ಇಳಿಸಿದ ಮೇಲೆ ಆ ಕೆಳಗಿನ ಬಗೆಯ ಕನಿಷ್ಠ ಬ್ಯಾಲೆನ್ಸ್ ಎಷ್ಟು ಎಂದು ನೋಡುವುದನ್ನು ಮರೆಯಬಾರದು. ಅದು 25,000 ಎಂದಿದ್ದರೆ, ಜುಲೈನ 42,742ಕ್ಕೆ ಕೊರತೆಯ ಶುಲ್ಕ ಹಾಕಿದ್ದೇ ತಪ್ಪಾಗುತ್ತದೆ. ನಗದಿಗೆ ಕೆಳಗಿನ ಬಗೆಯ ಮಿತಿ, ಬ್ಯಾಲೆನ್ಸಿಗೆ ಮೇಲಿನ ಬಗೆಯ ಮಿತಿ, ಎರಡನ್ನೂ ಒಂದೇ ಖಾತೆಗೆ ಹಾಕಲು ಬರುವುದಿಲ್ಲ. ನಾವು ಬಿಟ್ಟಿದ್ದ 1,180 ರೂಪಾಯಿ ಆಗ ನ್ಯಾಯವಾಗಿಯೇ ದೂರಿನೊಳಗೆ ಬರುತ್ತದೆ.

ಬ್ಯಾಂಕು 30 ದಿನದೊಳಗೆ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ತೃಪ್ತಿಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೂ ಮುಂಚೆ, ದೊಡ್ಡ ಬ್ಯಾಂಕುಗಳಲ್ಲಿ ದೂರನ್ನು ಪೂರ್ತಿಯಾಗಿಯೋ ಭಾಗಶಃವೋ ತಿರಸ್ಕರಿಸುವುದಿದ್ದರೆ ಅದು ಬ್ಯಾಂಕಿನೊಳಗಿನ ಆಂತರಿಕ ಒಂಬುಡ್ಸ್‌ಮನ್ ಮುಂದೆ ಹೋಗಿಯೇ ಬರಬೇಕು. ನಮ್ಮ ದೂರು ಅಲ್ಲಿಗೆ ಹೋಗಿತ್ತೇ ಎಂದು ಕೇಳುವ ಒಂದು ಸಾಲು ಎಷ್ಟೋ ಸಲ ಕಡತವನ್ನು ಅಲ್ಲಾಡಿಸುತ್ತದೆ. ರಿಸರ್ವ್ ಬ್ಯಾಂಕಿಗೆ cms.rbi.org.in ಮೂಲಕ ದೂರು ಕೊಡಬಹುದು, ಶುಲ್ಕವಿಲ್ಲ, ಸಹಾಯವಾಣಿ 14448. ಕಾಗದದ ಮೇಲೆ ಬರೆಯುವುದಾದರೆ ಚಂಡೀಗಢದ ಕೇಂದ್ರವು ಯಾವುದೇ ಭಾಷೆಯ ದೂರನ್ನು ಸ್ವೀಕರಿಸುತ್ತದೆ, ಕನ್ನಡದಲ್ಲಿಯೂ ಬರೆಯಬಹುದು. ವಕೀಲರ ಮೂಲಕ ಮಾತ್ರ ಕಳಿಸುವಂತಿಲ್ಲ. 2021ರ ಯೋಜನೆ ಬ್ಯಾಂಕಿನ ಉತ್ತರ ಬಂದಲ್ಲಿಂದ ಒಂದು ವರ್ಷದ ಅವಕಾಶ ಕೊಟ್ಟಿತ್ತು. ಯೋಜನೆಗಳು ಬದಲಾಗುತ್ತವೆ, ಉತ್ತರ ಬಂದ ತಿಂಗಳಲ್ಲೇ ಕಳಿಸುವುದು ಕ್ಷೇಮ.

ವ್ಯಾಪಾರದ ಖಾತೆಯವರಿಗೆ ಈ ದಾರಿ ಇನ್ನೂ ಒಂದು ಕಾರಣಕ್ಕೆ ಮುಖ್ಯ. ಗ್ರಾಹಕರ ಆಯೋಗಕ್ಕೆ ಹೋದರೆ ಬ್ಯಾಂಕಿನ ಮೊದಲ ಆಕ್ಷೇಪಣೆಯೇ ‘ಇದು ವಾಣಿಜ್ಯ ಉದ್ದೇಶದ ಸೇವೆ, ಇವರು ಗ್ರಾಹಕರೇ ಅಲ್ಲ’ ಎಂದಿರುತ್ತದೆ. ಜೀವನೋಪಾಯಕ್ಕಾಗಿ ಸ್ವಂತ ದುಡಿಮೆ ಮಾಡುವವರಿಗೆ ಕಾನೂನು ವಿನಾಯಿತಿ ಕೊಟ್ಟಿದೆಯಾದರೂ ಅದನ್ನು ರುಜುವಾತು ಮಾಡುವುದರಲ್ಲೇ ಕಾಲ ಹೋಗುತ್ತದೆ. ವ್ಯಾಪಾರಕ್ಕಾಗಿ ಓವರ್‌ಡ್ರಾಫ್ಟ್ ಪಡೆದಿದ್ದ ಒಬ್ಬ ಷೇರು ದಲ್ಲಾಳಿಯನ್ನು ಗ್ರಾಹಕ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಒಂಬುಡ್ಸ್‌ಮನ್ ಬಳಿ ಈ ಅಡ್ಡಿ ಇಲ್ಲ. ಅಲ್ಲಿರುವ ಅಡ್ಡಿ ಬೇರೆ: ಬ್ಯಾಂಕಿನ ವಾಣಿಜ್ಯ ತೀರ್ಮಾನದ ಮೇಲಿನ ದೂರುಗಳನ್ನು ಅಲ್ಲಿ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಸಾವಿರಕ್ಕೆ ಮೂರೂವರೆ ರೂಪಾಯಿ ದುಬಾರಿಯಾಯಿತು ಎಂದರೆ ಅದು ಬ್ಯಾಂಕಿನ ತೀರ್ಮಾನದ ಬಗ್ಗೆ ಮಾತು, ದೂರು ವಾಪಸು ಬರುತ್ತದೆ. ನಿಮ್ಮದೇ ಪಟ್ಟಿಯ 12 ಲಕ್ಷದ ಮಿತಿ ನಮಗೆ ಹಾಕಿಲ್ಲ ಎಂದರೆ ಅದು ಸೇವೆಯ ಕೊರತೆ, ದೂರು ನಿಲ್ಲುತ್ತದೆ. ಮೊದಲ ಪತ್ರದಲ್ಲೇ ಹೀಗೆ ಬರೆದಿದ್ದರೆ ಒಂಬುಡ್ಸ್‌ಮನ್‌ಗೆ ಹೊಸದಾಗಿ ವಾದ ಕಟ್ಟುವ ಅಗತ್ಯವೇ ಇಲ್ಲ, ಅದೇ ಪತ್ರ, ಅದೇ ಲಗತ್ತುಗಳು.

ಹಣ ಬಂದ ಮೇಲೂ ಲೆಕ್ಕ ಬರೆಯುವವರಿಗೆ ಒಂದು ಕೆಲಸ ಉಳಿದಿರುತ್ತದೆ. 2,820 ರೂಪಾಯಿ 20 ಪೈಸೆಯಲ್ಲಿ 2,390 ಶುಲ್ಕ, 430 ರೂಪಾಯಿ 20 ಪೈಸೆ ಜಿಎಸ್‌ಟಿ. ಕೆಲವೊಮ್ಮೆ ಬ್ಯಾಂಕು ಶುಲ್ಕವನ್ನಷ್ಟೇ ಹಿಂದಿರುಗಿಸಿ ತೆರಿಗೆಯನ್ನು ಮರೆಯುತ್ತದೆ, ಜಮೆಯಾದ ಮೊತ್ತವನ್ನು ಪೈಸೆಯವರೆಗೂ ಹೋಲಿಸಿ ನೋಡಬೇಕು. ತೆರಿಗೆ ಸಹಿತ ಕ್ರೆಡಿಟ್ ನೋಟ್ ಕೊಡಲು ಬ್ಯಾಂಕಿಗೂ ಗಡುವಿದೆ: ಶುಲ್ಕ ಹಾಕಿದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30. ನಮ್ಮ ಅಂಗಡಿಯ ವಿಷಯದಲ್ಲಿ ಅದು 2026ರ ನವೆಂಬರ್ 30. ಅದಾದ ಮೇಲೆ ಬ್ಯಾಂಕು ತನ್ನ ತೆರಿಗೆ ಬಾಧ್ಯತೆಯನ್ನು ಇಳಿಸಿಕೊಳ್ಳಲಾಗದ್ದರಿಂದ ತೆರಿಗೆಯ ಭಾಗ ಕೈಬಿಟ್ಟುಹೋಗುವ ಸಂಭವವಿದೆ. ಇನ್ನು ಆ 430 ರೂಪಾಯಿ 20 ಪೈಸೆಗೆ ಅಂಗಡಿ ಈಗಾಗಲೇ ಇನ್‌ಪುಟ್ ಕ್ರೆಡಿಟ್ ಪಡೆದಿದ್ದರೆ, ಕ್ರೆಡಿಟ್ ನೋಟ್ ಬಂದ ತಿಂಗಳ ರಿಟರ್ನ್‌ನಲ್ಲಿ ಅದನ್ನು ಹಿಂದಿರುಗಿಸಬೇಕು. ಇದನ್ನು ಬಿಟ್ಟರೆ ಮುಂದೊಂದು ದಿನ ನೋಟಿಸು ಬರುವುದು ಅಂಗಡಿಗೆ, ಬ್ಯಾಂಕಿಗಲ್ಲ.